ಓದಿ ಅರ್ಥೈಸಿಕೊಳ್ಳುವ ಪರೀಕ್ಷೆ: ಯಾವ ಮಟ್ಟದ ಯೋಚನೆಗೆ ಯಾವ ಬಗೆಯ ಪ್ರಶ್ನೆ?

ಅಪರಿಚಿತ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವ ಪರೀಕ್ಷೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪ್ರಶ್ನೆಪತ್ರಿಕೆಯ ಜೊತೆಗಿರುವ ನೀಲನಕ್ಷೆಯಲ್ಲಿ ಜ್ಞಾನಕ್ಕೆ ಇಷ್ಟು, ಗ್ರಹಿಕೆಗೆ ಇಷ್ಟು, ಪ್ರಶಂಸೆಗೆ ಇಷ್ಟು ಎಂದು ಅಂಕಗಳು ಸರಿಯಾಗಿ ಕೂತಿರುತ್ತವೆ. ಉತ್ತರ ಪತ್ರಿಕೆಗಳನ್ನು ತೆರೆದರೆ ಮಾತ್ರ ಎಲ್ಲ ಮಕ್ಕಳೂ ಗದ್ಯಭಾಗದ ವಾಕ್ಯಗಳನ್ನು ಇದ್ದಂತೆಯೇ ಇಳಿಸಿರುತ್ತಾರೆ, ಮತ್ತು ಆ ಉತ್ತರಗಳು ಸರಿಯಾಗಿಯೇ ಇರುತ್ತವೆ. ಯೋಚಿಸುವ ಅಗತ್ಯ ಅವರಿಗೆ ಬರಲೇ ಇಲ್ಲ.

ಇದಕ್ಕೆ ಮುಖ್ಯ ಕಾರಣ ನಾವು ಪ್ರಶ್ನೆಯ ಮಟ್ಟವನ್ನು ಅದರ ಕ್ರಿಯಾಪದ ನೋಡಿ ನಿರ್ಧರಿಸುವುದು. ‘ತಿಳಿಸಿ’ ಎಂದರೆ ಕೆಳಗಿನ ಮಟ್ಟ, ‘ವಿಶ್ಲೇಷಿಸಿ’ ಎಂದರೆ ಮೇಲಿನ ಮಟ್ಟ ಎಂದುಕೊಳ್ಳುತ್ತೇವೆ. ಆದರೆ ಮಟ್ಟ ಇರುವುದು ಗದ್ಯಭಾಗದಿಂದ ಉತ್ತರಕ್ಕೆ ಹೋಗಲು ಮಗು ಎಷ್ಟು ದಾರಿ ನಡೆಯಬೇಕು ಎಂಬುದರಲ್ಲಿ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ದಾರಿಯನ್ನು ಅಳೆಯುವ ಸುತ್ತಲೇ ಇವೆ. ಏಳನೆಯ ತರಗತಿಯ ಕನ್ನಡಕ್ಕೆ 20 ಅಂಕಗಳ, 40 ನಿಮಿಷಗಳ ಒಂದು ಪರೀಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುತ್ತಾ ಹೋಗುತ್ತೇನೆ.

## ಮೊದಲು ಕೈಯಲ್ಲಿರಬೇಕಾದವು

ಗದ್ಯಭಾಗದ ಎರಡು ಪ್ರತಿಗಳು ಬೇಕು. ಒಂದರಲ್ಲಿ ಪ್ರತಿ ವಾಕ್ಯಕ್ಕೂ ಸಂಖ್ಯೆ ಹಾಕಿರಬೇಕು. ಅದು ನಿಮಗೆ ಮಾತ್ರ. ಇನ್ನೊಂದು ಮಕ್ಕಳಿಗೆ ಕೊಡುವ ಸಂಖ್ಯೆಯಿಲ್ಲದ ಪ್ರತಿ. ಇವುಗಳ ಜೊತೆ ಒಂದು ಖಾಲಿ ಹಾಳೆ, ಪೆನ್ಸಿಲ್, ಮತ್ತು ಗದ್ಯಭಾಗವನ್ನು ಈವರೆಗೆ ಓದಿರದ ಒಬ್ಬ ಸಹೋದ್ಯೋಗಿ ಅಥವಾ ಮೇಲಿನ ತರಗತಿಯ ವಿದ್ಯಾರ್ಥಿ. ಈ ಕೊನೆಯವರ ಕೆಲಸ ಏಳನೆಯ ಹಂತದಲ್ಲಿ ಬರುತ್ತದೆ. ಪತ್ರಿಕೆ ಮುದ್ರಣಕ್ಕೆ ಹೋಗುವ ಹಿಂದಿನ ದಿನ ಹುಡುಕಿದರೆ ಅವರು ಸಿಗುವುದಿಲ್ಲ, ಆದ್ದರಿಂದ ಮೊದಲೇ ಹೇಳಿಡಿ.

ಪಠ್ಯಪುಸ್ತಕದ ಪಾಠದಿಂದ ಗದ್ಯಭಾಗ ಆರಿಸಬೇಡಿ. ತರಗತಿಯಲ್ಲಿ ಚರ್ಚೆಯಾದ, ನೋಟ್ಸಿನಲ್ಲಿ ಉತ್ತರವಿರುವ ಪಾಠದ ಮೇಲೆ ಎಷ್ಟೇ ಆಳವಾದ ಪ್ರಶ್ನೆ ಕೇಳಿದರೂ ಅದು ನೆನಪಿನ ಪರೀಕ್ಷೆಯಾಗುತ್ತದೆ.

## ಹಂತ 1: ಗದ್ಯಭಾಗ ಭಾರ ಹೊರುತ್ತದೆಯೇ ಎಂದು ನೋಡಿ

ಎಲ್ಲ ಗದ್ಯಭಾಗಗಳೂ ಎಲ್ಲ ಮಟ್ಟದ ಪ್ರಶ್ನೆಗಳನ್ನು ಹೊರಲಾರವು. ಎಲ್ಲವನ್ನೂ ಬಿಡಿಸಿ ಹೇಳಿರುವ, ‘ಆದ್ದರಿಂದ’, ‘ಏಕೆಂದರೆ’ ಎಂದು ಕಾರಣಗಳನ್ನು ಕೈಗೇ ಕೊಟ್ಟಿರುವ ಮಾಹಿತಿಯ ಬರಹದಲ್ಲಿ ಊಹಿಸಲು ಏನೂ ಉಳಿದಿರುವುದಿಲ್ಲ. ಓದಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇಲ್ಲಿ ಬರಹಗಾರರು ಹೇಳದೆ ಬಿಟ್ಟಿರುವ, ಆದರೆ ಎಚ್ಚರದ ಓದುಗನಿಗೆ ತಿಳಿಯುವ ಸಂಗತಿ ಯಾವುದು? ಅಂಥ ಎರಡು ಮೂರು ಸಂಗತಿಗಳು ಸಿಗದಿದ್ದರೆ ಬೇರೆ ಗದ್ಯಭಾಗ ಹುಡುಕಿ.

ಈ ಪರೀಕ್ಷೆಗಾಗಿ ನಾನು ಬರೆದುಕೊಂಡ ಗದ್ಯಭಾಗ ಇದು:

> (1) ಊರ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರಗಂಟಿಯ ಕೆಲಸ ಮಾದಪ್ಪನದು. (2) ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಕೆರೆಯಲ್ಲಿ ಅರ್ಧದಷ್ಟೂ ನೀರಿರಲಿಲ್ಲ. (3) ವಾರಕ್ಕೆ ಎರಡು ದಿನ ಮಾತ್ರ ತೂಬು ತೆರೆಯಬೇಕೆಂದು ಊರಿನವರು ಸಭೆ ಸೇರಿ ತೀರ್ಮಾನಿಸಿದರು. (4) ಮೊದಲು ಕಾಲುವೆಯ ಕೊನೆಯ ಗದ್ದೆಗಳಿಗೆ, ಆಮೇಲೆ ತೂಬಿನ ಪಕ್ಕದ ಗದ್ದೆಗಳಿಗೆ ನೀರು ಬಿಡುವುದಾಗಿ ಮಾದಪ್ಪ ಹೇಳಿದ. (5) ತೂಬಿನ ಪಕ್ಕದಲ್ಲೇ ಗದ್ದೆಯಿದ್ದ ಅವನ ಅಣ್ಣ ಸಿದ್ದಪ್ಪ ಒಂದು ಮಾತೂ ಆಡದೆ ಎದ್ದು ಹೋದ. (6) ಮಾದಪ್ಪ ಅಂದು ಸಂಜೆ ತೂಬು ತೆರೆದ. ಮರುದಿನ ಬೆಳಗ್ಗೆ ಕಾಲುವೆಯ ಉದ್ದಕ್ಕೂ ನಡೆದು ನೋಡಿದ. (7) ಸಿದ್ದಪ್ಪನ ಗದ್ದೆಯ ಬಳಿ ಕಾಲುವೆಯ ದಂಡೆ ಒಂದು ಮೊಳ ಕುಸಿದಿತ್ತು. ಹಸಿ ಮಣ್ಣಿನಲ್ಲಿ ಹೆಜ್ಜೆಗುರುತುಗಳಿದ್ದವು. (8) ಅವನು ಗುದ್ದಲಿಯಿಂದ ಮಣ್ಣೆಳೆದು ದಂಡೆಯನ್ನು ಸರಿಪಡಿಸಿ, ಯಾರಿಗೂ ಏನೂ ಹೇಳದೆ ಮನೆಗೆ ಬಂದ. (9) ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, “ಭಾವನ ಮನೆಯಿಂದ ಇವತ್ತು ಮಜ್ಜಿಗೆ ಬರಲೇ ಇಲ್ಲ” ಎಂದಳು. (10) ಮಾದಪ್ಪ ತಟ್ಟೆಯಿಂದ ತಲೆಯೆತ್ತದೆ, “ನಾಳೆ ನಾನೇ ಹೋಗಿ ತರುತ್ತೇನೆ” ಎಂದ.

ಇಲ್ಲಿ ಹೇಳದೆ ಬಿಟ್ಟಿರುವುದು ಹಲವು. ಸಿದ್ದಪ್ಪ ಏಕೆ ಎದ್ದು ಹೋದ, ರಾತ್ರಿ ಕಾಲುವೆಯ ಬಳಿ ಏನಾಯಿತು, ಮಜ್ಜಿಗೆ ಏಕೆ ಬರಲಿಲ್ಲ, ಮಾದಪ್ಪ ನಾಳೆ ತಾನೇ ಹೋಗುವುದೇಕೆ. ಯಾವುದನ್ನೂ ಬರೆದಿಲ್ಲ, ಆದರೆ ಎಲ್ಲಕ್ಕೂ ಸುಳಿವುಗಳಿವೆ. ಇಂಥ ಗದ್ಯಭಾಗ 20 ಅಂಕಗಳನ್ನು ಹೊರುತ್ತದೆ.

## ಹಂತ 2: ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿಕೊಳ್ಳಿ

ಬ್ಲೂಮ್ ವರ್ಗೀಕರಣದ ಆರು ಮಟ್ಟಗಳನ್ನು ಬಿ.ಇಡಿ.ಯಲ್ಲಿ ಎಲ್ಲರೂ ಓದಿರುತ್ತೇವೆ. ಒಂದೇ ಗದ್ಯಭಾಗದ 20 ಅಂಕಗಳ ಪರೀಕ್ಷೆಗೆ ಆ ಆರನ್ನೂ ತುಂಬಲು ಹೋಗಬೇಡಿ. ಮೊದಲನೆಯ ಮಟ್ಟವಾದ ‘ನೆನಪಿಡುವುದು’ ಇಲ್ಲಿ ಹೊಂದುವುದೇ ಇಲ್ಲ. ಗದ್ಯಭಾಗ ಮಗುವಿನ ಕಣ್ಣೆದುರೇ ಇರುತ್ತದೆ. ಓದಿನ ಪರೀಕ್ಷೆಗೆ ನಾಲ್ಕು ಮೆಟ್ಟಿಲುಗಳು ಸಾಕು.

ಹೆಕ್ಕುವುದು. ಉತ್ತರ ಒಂದೇ ವಾಕ್ಯದಲ್ಲಿ, ಹೆಚ್ಚುಕಡಿಮೆ ಅದೇ ಪದಗಳಲ್ಲಿ ಇದೆ. ಮಗು ಆ ಜಾಗವನ್ನು ಕಂಡುಹಿಡಿದರೆ ಸಾಕು.

ಜೋಡಿಸುವುದು. ಉತ್ತರದ ತುಂಡುಗಳು ಎರಡು ವಾಕ್ಯಗಳಲ್ಲಿ ಅಥವಾ ಒಂದೇ ವಾಕ್ಯದ ಎರಡು ಭಾಗಗಳಲ್ಲಿ ಇವೆ. ಅವುಗಳ ನಡುವಿನ ಸಂಬಂಧವನ್ನು ಮಗುವೇ ಕಾಣಬೇಕು. ಆದರೆ ಹೊರಗಿನಿಂದ ಹೆಚ್ಚೇನೂ ತರಬೇಕಾಗಿಲ್ಲ.

ಊಹಿಸುವುದು. ಉತ್ತರ ಗದ್ಯಭಾಗದಲ್ಲಿ ಎಲ್ಲಿಯೂ ಇಲ್ಲ. ಸುಳಿವುಗಳಿವೆ. ಸುಳಿವಿನ ಜೊತೆ ಜೀವನದ ತಿಳಿವಳಿಕೆಯನ್ನು ಸೇರಿಸಿದರೆ ಉತ್ತರ ಹೊಮ್ಮುತ್ತದೆ.

ತೂಗುವುದು. ಒಂದಕ್ಕಿಂತ ಹೆಚ್ಚು ಸರಿಯಾದ ಉತ್ತರಗಳಿರಬಹುದು. ಮಗು ಒಂದು ನಿಲುವು ತೆಗೆದುಕೊಂಡು ಗದ್ಯಭಾಗದ ಆಧಾರದಿಂದ ಅದನ್ನು ಸಮರ್ಥಿಸಬೇಕು.

ಕನ್ನಡದಲ್ಲಿ ಮೊದಲನೆಯ ಮೆಟ್ಟಿಲಿನ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ನಮ್ಮ ವಿಭಕ್ತಿ ಪ್ರತ್ಯಯಗಳೇ ಉತ್ತರವನ್ನು ತೋರಿಸಿಕೊಡುತ್ತವೆ. ಈ ವಾಕ್ಯ ನೋಡಿ: ‘ಕರಟುಗನು ಮೊಳಪನ್ನು ಸಿರಟಿನಲ್ಲಿ ಇಟ್ಟನು.’ ಇದರಲ್ಲಿ ಅರ್ಥವಿರುವ ನಾಮಪದ ಒಂದೂ ಇಲ್ಲ. ಆದರೂ ‘ಕರಟುಗನು ಮೊಳಪನ್ನು ಎಲ್ಲಿ ಇಟ್ಟನು?’ ಎಂದರೆ ಯಾವ ಮಗುವಾದರೂ ‘ಸಿರಟಿನಲ್ಲಿ’ ಎನ್ನುತ್ತದೆ. ‘ಎಲ್ಲಿ’ ಎಂಬುದಕ್ಕೆ ‘ಅಲ್ಲಿ’ ಎಂದು ಮುಗಿಯುವ ಪದ, ‘ಯಾರಿಗೆ’ ಎಂಬುದಕ್ಕೆ ‘ಗೆ’ ಎಂದು ಮುಗಿಯುವ ಪದ, ‘ಯಾವುದರಿಂದ’ ಎಂಬುದಕ್ಕೆ ‘ಇಂದ’ ಎಂದು ಮುಗಿಯುವ ಪದ. ಪ್ರತ್ಯಯಕ್ಕೆ ಪ್ರತ್ಯಯ ಹೊಂದಿಸಿದರೆ ಅಂಕ ಸಿಗುತ್ತದೆ. ಇಂಥ ಪ್ರಶ್ನೆಗಳು ಪತ್ರಿಕೆಯಲ್ಲಿ ಒಂದೆರಡು ಇರಲಿ. ಓದಲು ಹಿಂಜರಿಯುವ ಮಕ್ಕಳಿಗೆ ಅವು ಒಳಬರುವ ಬಾಗಿಲು. ಆದರೆ ಅವು ‘ಗ್ರಹಿಕೆ’ಯ ಕಾಲಂಗೆ ಹೋಗಕೂಡದು.

## ಹಂತ 3: ಪ್ರಶ್ನೆ ಬರೆಯುವ ಮೊದಲು ಅಂಕ ಹಂಚಿ

ಓದುತ್ತಾ ಓದುತ್ತಾ ಪ್ರಶ್ನೆ ಬರೆಯಲು ಶುರು ಮಾಡಿದರೆ ಹೆಕ್ಕುವ ಪ್ರಶ್ನೆಗಳೇ ತುಂಬಿಕೊಳ್ಳುತ್ತವೆ. ಅವು ಸುಲಭವಾಗಿ ಹುಟ್ಟುತ್ತವೆ. ಹತ್ತು ಪ್ರಶ್ನೆಗಳಾದ ಮೇಲೆ ನೀಲನಕ್ಷೆಯನ್ನು ಅವುಗಳಿಗೆ ಹೊಂದಿಸಲು ಕೂತರೆ ಹೆಸರುಗಳನ್ನು ಬದಲಾಯಿಸುವುದಷ್ಟೇ ಉಳಿಯುತ್ತದೆ. ಆದ್ದರಿಂದ ಪಟ್ಟಿ ಮೊದಲು.

ಪ್ರಮಾಣ ಎಷ್ಟಿರಬೇಕು ಎಂಬುದಕ್ಕೆ ಒಂದು ಆಧಾರ ಬೇಕಿದ್ದರೆ, ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ಅಳೆಯುವ ಪರ್ಲ್ಸ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಹಂಚಿಕೆ ಇದೆ. ಮಾಹಿತಿ ಹೆಕ್ಕುವುದಕ್ಕೆ ಶೇ. 20, ನೇರ ಊಹೆಗೆ ಶೇ. 30, ವಿವರಗಳನ್ನು ಬೆಸೆದು ಅರ್ಥೈಸುವುದಕ್ಕೆ ಶೇ. 30, ವಿಮರ್ಶೆಗೆ ಶೇ. 20. ಅದರ ವಿಭಾಗಗಳು ನಮ್ಮ ಮೆಟ್ಟಿಲುಗಳೇ ಅಲ್ಲ, ಆದರೆ ಹೆಕ್ಕುವುದು ಐದನೆಯ ಒಂದು ಭಾಗ ಮಾತ್ರ ಎಂಬುದನ್ನು ಗಮನಿಸಿ. ನನ್ನ ಏಳನೆಯ ತರಗತಿಯ ಪಟ್ಟಿ ಹೀಗಿದೆ:

| ಮೆಟ್ಟಿಲು | ಪ್ರಶ್ನೆಗಳು | ಅಂಕ | ಪ್ರಶ್ನೆಯ ಬಗೆ |
|---|---|---|---|
| ಹೆಕ್ಕುವುದು | 4 | 4 | ಒಂದು ವಾಕ್ಯದ ಉತ್ತರ, ಸರಿ–ತಪ್ಪು |
| ಜೋಡಿಸುವುದು | 3 | 5 | ಬಹು ಆಯ್ಕೆ, ಎರಡು ಅಂಕದ ಕಿರು ಉತ್ತರ |
| ಊಹಿಸುವುದು | 3 | 7 | ಬಹು ಆಯ್ಕೆ, ಸುಳಿವು ಸಹಿತ ಉತ್ತರ |
| ತೂಗುವುದು | 1 | 4 | ನಾಲ್ಕೈದು ವಾಕ್ಯಗಳ ಉತ್ತರ |

ಶಾಲೆಯ ನೀಲನಕ್ಷೆಯಲ್ಲಿ ಜ್ಞಾನ, ಗ್ರಹಿಕೆ, ಅಭಿವ್ಯಕ್ತಿ, ಪ್ರಶಂಸೆ ಎಂಬ ಕಾಲಂಗಳಿದ್ದರೆ ಮೊದಲನೆಯ ಸಾಲು ಜ್ಞಾನಕ್ಕೆ, ಎರಡು ಮತ್ತು ಮೂರನೆಯದು ಗ್ರಹಿಕೆಗೆ, ಕೊನೆಯದು ಅಭಿವ್ಯಕ್ತಿ ಅಥವಾ ಪ್ರಶಂಸೆಗೆ ಹೋಗುತ್ತದೆ. ಗ್ರಹಿಕೆ ಎಂಬ ಒಂದೇ ಕಾಲಂನೊಳಗೆ ಎರಡು ಬೇರೆ ಬೇರೆ ಮೆಟ್ಟಿಲುಗಳಿವೆ ಎಂಬುದನ್ನು ಮರೆತರೆ ಪತ್ರಿಕೆ ಮತ್ತೆ ಸುಲಭದ ಕಡೆಗೆ ವಾಲುತ್ತದೆ.

ತರಗತಿಯಲ್ಲಿ ಇನ್ನೂ ಕೂಡಿಸಿ ಓದುವ ಮಕ್ಕಳು ಹೆಚ್ಚಿದ್ದರೆ ಹೆಕ್ಕುವುದಕ್ಕೆ 6 ಅಂಕ ಕೊಟ್ಟು ಊಹಿಸುವುದನ್ನು 5ಕ್ಕೆ ಇಳಿಸಬಹುದು. ಆದರೆ ಊಹಿಸುವ ಪ್ರಶ್ನೆಗಳನ್ನು ಪೂರ್ತಿ ತೆಗೆಯಬೇಡಿ. ನಿಧಾನವಾಗಿ ಓದುವ ಮಗುವೂ ಸಿದ್ದಪ್ಪನ ಸಿಟ್ಟನ್ನು ಅರ್ಥ ಮಾಡಿಕೊಳ್ಳಬಲ್ಲದು.

## ಹಂತ 4: ಉತ್ತರ ಮೊದಲು, ಪ್ರಶ್ನೆ ಆಮೇಲೆ

ಖಾಲಿ ಹಾಳೆಯಲ್ಲಿ ಮೊದಲು ಉತ್ತರ ಬರೆಯಿರಿ. ಅದರ ಪಕ್ಕದಲ್ಲಿ ಆ ಉತ್ತರಕ್ಕೆ ಬೇಕಾದ ವಾಕ್ಯಗಳ ಸಂಖ್ಯೆ ಬರೆಯಿರಿ. ಆಮೇಲೆ ಪ್ರಶ್ನೆ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೇ.

ಉದಾಹರಣೆಗೆ, ‘ನೀರು ಹಂಚುವ ಕ್ರಮವನ್ನು ವಿವರಿಸಿ’ ಎಂಬ ಪ್ರಶ್ನೆಯನ್ನು ಮೊದಲು ಬರೆದುಬಿಟ್ಟರೆ ‘ವಿವರಿಸಿ’ ಎಂಬ ಪದಕ್ಕೆ ಮೂರು ಅಂಕ ಕೊಡಬೇಕೆನಿಸುತ್ತದೆ. ಉತ್ತರದ ಪಕ್ಕದಲ್ಲಿ ವಾಕ್ಯ ಸಂಖ್ಯೆ ಬರೆದಾಗ ನಿಜ ತಿಳಿಯುತ್ತದೆ: 4, ಅಷ್ಟೇ. ಒಂದು ವಾಕ್ಯ ಇಳಿಸಿದರೆ ಉತ್ತರ ಮುಗಿಯಿತು. ಅದು ಹೆಕ್ಕುವ ಪ್ರಶ್ನೆ, ಒಂದು ಅಂಕದ್ದು.

ಈಗ ಇದನ್ನು ನೋಡಿ: ‘ವಾರಕ್ಕೆ ಎರಡೇ ದಿನ ತೂಬು ತೆರೆಯಲು ಏಕೆ ತೀರ್ಮಾನಿಸಿದರು?’ ಉತ್ತರ: ಮಳೆ ಸರಿಯಾಗಿ ಬಾರದೆ ಕೆರೆಯಲ್ಲಿ ನೀರು ಕಡಿಮೆಯಿತ್ತು, ಅದನ್ನು ಹೆಚ್ಚು ದಿನ ಉಳಿಸಿಕೊಳ್ಳಬೇಕಿತ್ತು. ವಾಕ್ಯಗಳು: 2 ಮತ್ತು 3. ಈ ಎರಡರ ನಡುವೆ ‘ಆದ್ದರಿಂದ’ ಎಂಬ ಪದ ಇಲ್ಲದಿರುವುದರಿಂದ ಇದು ಜೋಡಿಸುವ ಪ್ರಶ್ನೆ. ಗದ್ಯಭಾಗದಲ್ಲಿ ‘ನೀರು ಕಡಿಮೆಯಿದ್ದುದರಿಂದ ವಾರಕ್ಕೆ ಎರಡು ದಿನ ಮಾತ್ರ’ ಎಂದಿದ್ದರೆ ಇದೇ ಪ್ರಶ್ನೆ ಹೆಕ್ಕುವ ಮೆಟ್ಟಿಲಿಗೆ ಇಳಿಯುತ್ತಿತ್ತು. ಪ್ರಶ್ನೆಯ ಒಂದಕ್ಷರವೂ ಬದಲಾಗದೆ ಮಟ್ಟ ಬದಲಾಗುತ್ತದೆ. ‘ಏಕೆ’ ಎಂದು ಕೇಳಿದ ಮಾತ್ರಕ್ಕೆ ಅದು ಮೇಲಿನ ಮಟ್ಟದ ಪ್ರಶ್ನೆ ಎಂದು ನಂಬಬಾರದು ಎನ್ನುವುದು ಇದಕ್ಕಾಗಿ.

## ಹಂತ 5: ಮೆಟ್ಟಿಲಿಗೆ ತಕ್ಕ ಪ್ರಶ್ನೆಯ ಬಗೆ

### ಹೆಕ್ಕುವುದಕ್ಕೆ

ಬಿಟ್ಟ ಸ್ಥಳ ತುಂಬುವುದು, ಒಂದು ವಾಕ್ಯದ ಉತ್ತರ, ಸರಿ–ತಪ್ಪು ಇಲ್ಲಿಗೆ ಸರಿಹೊಂದುತ್ತವೆ. ನಮ್ಮ ಪತ್ರಿಕೆಯ ಮೊದಲ ನಾಲ್ಕು ಪ್ರಶ್ನೆಗಳು, ತಲಾ ಒಂದು ಅಂಕ:

1. ಮಾದಪ್ಪನ ಕೆಲಸವೇನು?
2. ವಾರಕ್ಕೆ ಎಷ್ಟು ದಿನ ತೂಬು ತೆರೆಯಬೇಕೆಂದು ತೀರ್ಮಾನವಾಯಿತು?
3. ಮಾದಪ್ಪ ಕಾಲುವೆಯ ದಂಡೆಯನ್ನು ಯಾವುದರಿಂದ ಸರಿಪಡಿಸಿದ?
4. ‘ಮೊದಲು ತೂಬಿನ ಪಕ್ಕದ ಗದ್ದೆಗಳಿಗೆ ನೀರು ಬಿಡುವುದಾಗಿ ಮಾದಪ್ಪ ಹೇಳಿದ.’ ಈ ಹೇಳಿಕೆ ತಪ್ಪಾಗಿದ್ದರೆ ಸರಿಪಡಿಸಿ ಬರೆಯಿರಿ.

ಬರೀ ‘ಸರಿಯೋ ತಪ್ಪೋ’ ಎಂದು ಕೇಳಿದರೆ ಓದದ ಮಗುವಿಗೂ ಅರ್ಧದಷ್ಟು ಅವಕಾಶ ಸಿಗುತ್ತದೆ. ನಾಲ್ಕನೆಯ ಪ್ರಶ್ನೆಯಲ್ಲಿ ತಿದ್ದಿ ಬರೆಯಲು ಹೇಳಿರುವುದು ಅದನ್ನು ತಡೆಯಲು.

### ಜೋಡಿಸುವುದಕ್ಕೆ

ಎರಡು ಅಂಕದ ಕಿರು ಉತ್ತರ, ಸಂದರ್ಭದಿಂದ ಪದದ ಅರ್ಥ ಹಿಡಿಯುವ ಬಹು ಆಯ್ಕೆ, ‘ಯಾರು ಯಾರಿಗೆ’ ಎಂದು ಸಂಬಂಧ ಕೇಳುವ ಪ್ರಶ್ನೆಗಳು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ.

5. ‘ಮುಂಗಾರು ಕೈಕೊಟ್ಟಿತ್ತು’ ಎಂದರೆ: (ಅ) ಮಳೆ ನೆರವಾಯಿತು (ಆ) ಮಳೆ ಸರಿಯಾಗಿ ಬರಲಿಲ್ಲ (ಇ) ಮಳೆ ಬೇಗ ಬಂತು (ಈ) ಮಳೆ ಅತಿಯಾಯಿತು (1)
6. ವಾರಕ್ಕೆ ಎರಡೇ ದಿನ ತೂಬು ತೆರೆಯಲು ಏಕೆ ತೀರ್ಮಾನಿಸಿದರು? (2)
7. ಮಾದಪ್ಪನ ಹೆಂಡತಿ ‘ಭಾವ’ ಎಂದು ಯಾರನ್ನು ಕರೆದಳು? ನಿಮಗೆ ಅದು ಹೇಗೆ ತಿಳಿಯಿತು? (2)

ಐದನೆಯ ಪ್ರಶ್ನೆಯ (ಅ) ಆಯ್ಕೆಯನ್ನು ಸುಮ್ಮನೆ ಸೇರಿಸಿಲ್ಲ. ‘ಕೈಕೊಡು’ ಎಂಬುದನ್ನು ಪದಶಃ ತೆಗೆದುಕೊಂಡ ಮಗು ಅದನ್ನೇ ಆರಿಸುತ್ತದೆ. ವಾಕ್ಯದ ದ್ವಿತೀಯಾರ್ಧವನ್ನು ಜೋಡಿಸಿಕೊಂಡ ಮಗು (ಆ)ಗೆ ಬರುತ್ತದೆ. ಏಳನೆಯದರಲ್ಲಿ ವಾಕ್ಯ 5 ಮತ್ತು 9 ಸೇರಬೇಕು. ಗಂಡನ ಅಣ್ಣನನ್ನು ‘ಭಾವ’ ಎಂದು ಕರೆಯುವ ರೂಢಿ ಇಲ್ಲದ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಈ ಪ್ರಶ್ನೆ ಅವರ ಓದನ್ನು ಅಳೆಯುವುದಿಲ್ಲ, ಮನೆಮಾತನ್ನು ಅಳೆಯುತ್ತದೆ. ಆಗ ಗದ್ಯಭಾಗದ ಕೆಳಗೆ ಪದದ ಅರ್ಥ ಕೊಡಿ. ಆ ಭಾವ ಯಾರು ಎಂದು ಕಂಡುಹಿಡಿಯುವ ಕೆಲಸ ಆಗಲೂ ಮಗುವಿನದೇ.

‘ಘಟನೆಗಳನ್ನು ಕ್ರಮವಾಗಿ ಬರೆಯಿರಿ’ ಎಂಬ ಪ್ರಶ್ನೆಯನ್ನು ಜೋಡಿಸುವ ಮೆಟ್ಟಿಲಿಗೆ ಹಾಕುವವರು ಬಹಳ. ಗದ್ಯಭಾಗದಲ್ಲಿ ಘಟನೆಗಳು ನಡೆದ ಕ್ರಮದಲ್ಲೇ ಇದ್ದರೆ ಅದು ಬೆರಳಿಟ್ಟು ಇಳಿಸುವ ಕೆಲಸ. ಹಿಂದಿನದನ್ನು ಆಮೇಲೆ ಹೇಳುವ ಕಥನ ಇದ್ದಾಗ ಮಾತ್ರ ಅದನ್ನು ಬಳಸಿ.

### ಊಹಿಸುವುದಕ್ಕೆ

ಇಲ್ಲಿ ಎರಡು ಬಗೆಗಳನ್ನೂ ಇಡುವುದು ಅಗತ್ಯ: ಒಂದು ಬಹು ಆಯ್ಕೆ, ಉಳಿದವು ಬರೆಯುವ ಉತ್ತರ. ಬರೀ ಬರೆಯುವ ಪ್ರಶ್ನೆಗಳಿದ್ದರೆ, ಉತ್ತರ ಬರೆಯದ ಮಗುವಿಗೆ ತಿಳಿಯಲಿಲ್ಲವೋ, ತಿಳಿದದ್ದನ್ನು ಬರೆಯಲಾಗಲಿಲ್ಲವೋ ಎಂಬುದು ನಮಗೆ ಗೊತ್ತಾಗುವುದಿಲ್ಲ. ಬರೀ ಬಹು ಆಯ್ಕೆ ಇದ್ದರೆ ಊಹೆಯ ದಾರಿ ಕಾಣುವುದಿಲ್ಲ.

8. ಸಿದ್ದಪ್ಪ ಎದ್ದು ಹೋಗಲು ಹೆಚ್ಚು ಸರಿಯಾದ ಕಾರಣ: (ಅ) ಮನೆಯಲ್ಲಿ ಕೆಲಸವಿತ್ತು (ಆ) ನೀರಿನ ಸರದಿಯಲ್ಲಿ ತನ್ನ ಗದ್ದೆ ಹಿಂದಾಯಿತೆಂಬ ಅಸಮಾಧಾನ (ಇ) ವಾರಕ್ಕೆ ಎರಡೇ ದಿನ ಎಂಬುದು ಒಪ್ಪಿಗೆಯಾಗಲಿಲ್ಲ (ಈ) ತಮ್ಮನ ಮಾತು ಕೇಳಿಸಲಿಲ್ಲ (1)
9. ಆ ರಾತ್ರಿ ಸಿದ್ದಪ್ಪನ ಗದ್ದೆಯ ಬಳಿ ಏನು ನಡೆದಿರಬಹುದು? ಗದ್ಯಭಾಗದಿಂದ ಎರಡು ಸುಳಿವುಗಳನ್ನು ಕೊಡಿ. (3)
10. ಆ ದಿನ ಮಜ್ಜಿಗೆ ಬರದಿದ್ದುದು ನಿಮಗೆ ಏನನ್ನು ತಿಳಿಸುತ್ತದೆ? ಒಂದು ಸುಳಿವಿನೊಂದಿಗೆ ಬರೆಯಿರಿ. (3)

ಎಂಟನೆಯ ಪ್ರಶ್ನೆಯ ಬೆಲೆ ಅದರ (ಇ) ಆಯ್ಕೆಯಲ್ಲಿದೆ. ಅದೂ ನಂಬುವಂತಿದೆ. ಆದರೆ ಸಿದ್ದಪ್ಪ ಎದ್ದು ಹೋದದ್ದು ವಾಕ್ಯ 3ರ ತೀರ್ಮಾನದ ನಂತರವಲ್ಲ, ವಾಕ್ಯ 4ರ ಮಾತಿನ ನಂತರ. ಮತ್ತು ಅವನ ಗದ್ದೆ ತೂಬಿನ ಪಕ್ಕದಲ್ಲಿದೆ ಎಂದು ಬರಹಗಾರರು ಬೇಕೆಂದೇ ಹೇಳಿದ್ದಾರೆ. ಅರ್ಧ ಓದಿದ ಮಗು (ಇ)ಗೆ ಬೀಳುತ್ತದೆ. ಮೂರೂ ತಪ್ಪು ಆಯ್ಕೆಗಳು (ಅ), (ಈ) ಥರ ಸಪ್ಪೆಯಾಗಿದ್ದರೆ ಪ್ರಶ್ನೆ ಊಹೆಯನ್ನು ಅಳೆಯುತ್ತಿರಲಿಲ್ಲ. ಇನ್ನೊಂದು ಎಚ್ಚರ: ಸರಿಯುತ್ತರ ಮಾತ್ರ ಉಳಿದವುಗಳಿಗಿಂತ ಉದ್ದವಾಗಿರಬಾರದು. ಉದ್ದನೆಯದೇ ಸರಿ ಎಂಬುದನ್ನು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಮೇಲಿನ ಕರಡಿನಲ್ಲಿಯೇ (ಆ) ಉದ್ದವಾಗಿದೆ. ಮುದ್ರಣಕ್ಕೆ ಕೊಡುವಾಗ ಅದನ್ನು ‘ತನ್ನ ಗದ್ದೆಗೆ ಆಮೇಲೆ ನೀರು ಎಂಬ ಬೇಸರ’ ಎಂದು ಬದಲಾಯಿಸಿದೆ. ಆಗ (ಇ) ಅದಕ್ಕೆ ಸರಿಸಮನಾಗಿ ನಿಲ್ಲುತ್ತದೆ.

### ತೂಗುವುದಕ್ಕೆ

ಇದಕ್ಕೆ ಬಹು ಆಯ್ಕೆ, ಬಿಟ್ಟ ಸ್ಥಳ ಯಾವುದೂ ಹೊಂದುವುದಿಲ್ಲ. ಮಗು ವಾದಿಸಲು ನಾಲ್ಕೈದು ವಾಕ್ಯಗಳಷ್ಟು ಜಾಗ ಬೇಕು.

11. ದಂಡೆ ಕುಸಿದ ವಿಷಯವನ್ನು ಮಾದಪ್ಪ ಯಾರಿಗೂ ಹೇಳದಿದ್ದುದು ಸರಿಯೇ? ಗದ್ಯಭಾಗದ ಎರಡು ಆಧಾರಗಳೊಂದಿಗೆ ನಿಮ್ಮ ಅಭಿಪ್ರಾಯ ಬರೆಯಿರಿ. (4)

‘ಎರಡು ಆಧಾರಗಳೊಂದಿಗೆ’ ಎಂಬ ಪದಗಳನ್ನು ತೆಗೆದರೆ ಈ ಪ್ರಶ್ನೆ ಕುಸಿಯುತ್ತದೆ. ಆಗ ‘ಸತ್ಯವನ್ನು ಹೇಳಬೇಕು, ಸುಳ್ಳು ಹೇಳಬಾರದು’ ಎಂಬ ಉಪದೇಶದ ಪ್ರಬಂಧಗಳು ಬರುತ್ತವೆ. ಒಮ್ಮೆ ನನ್ನ ತರಗತಿಯಲ್ಲಿ ಹಾಗೆಯೇ ಆಯಿತು: ಆಧಾರ ಕೇಳದೆ ‘ನಿಮ್ಮ ಅಭಿಪ್ರಾಯವೇನು’ ಎಂದಿದ್ದೆ. ಚೆನ್ನಾಗಿ ಬರೆಯಬಲ್ಲ ಮಕ್ಕಳಿಗೆಲ್ಲ ಪೂರ್ಣ ಅಂಕ ಹೋಯಿತು, ಗದ್ಯಭಾಗವನ್ನು ನಿಜಕ್ಕೂ ಹಿಡಿದಿದ್ದ, ಬರವಣಿಗೆ ಕುಂಟುವ ಮಗುವಿಗೆ ಎರಡು ಅಂಕ ಬಂತು.

## ಹಂತ 6: ಅಂಕ ವಿವರ ಈಗಲೇ ಬರೆಯಿರಿ

ಮೇಲಿನ ಮೆಟ್ಟಿಲಿನ ಪ್ರಶ್ನೆಗೆ ಅಂಕ ಕೊಡುವ ಬಗೆ ಪರೀಕ್ಷೆಯ ನಂತರ ತೀರ್ಮಾನವಾದರೆ, ಮೊದಲ ಹತ್ತು ಪತ್ರಿಕೆಗಳಿಗೊಂದು ಅಳತೆ, ಕೊನೆಯ ಹತ್ತಕ್ಕೊಂದು ಅಳತೆ ಆಗುತ್ತದೆ.

ಒಂಬತ್ತನೆಯ ಪ್ರಶ್ನೆಗೆ: ಯಾರೋ ದಂಡೆ ಕಡಿದು ನೀರು ತಿರುಗಿಸಿಕೊಂಡಿದ್ದಾರೆ ಎಂಬುದಕ್ಕೆ 1 ಅಂಕ. ಕುಸಿದ ದಂಡೆ, ಹೆಜ್ಜೆಗುರುತು, ಸಿದ್ದಪ್ಪನ ಮೌನ, ಜಾಗ ಅವನ ಗದ್ದೆಯ ಬಳಿಯೇ ಇರುವುದು, ಇವುಗಳಲ್ಲಿ ಯಾವುದಾದರೂ ಎರಡಕ್ಕೆ ತಲಾ 1. ಸಿದ್ದಪ್ಪನೇ ಮಾಡಿದ ಎಂದು ಬರೆಯಲೇಬೇಕೆಂದಿಲ್ಲ, ಗದ್ಯಭಾಗ ಹಾಗೆ ಹೇಳಿಲ್ಲ. ‘ದಂಡೆ ತಾನಾಗಿಯೇ ಕುಸಿದಿದೆ’ ಎಂದು ಬರೆದರೆ ಊಹೆಯ ಅಂಕ ಇಲ್ಲ, ಹೆಜ್ಜೆಗುರುತನ್ನು ಅದು ಬಿಟ್ಟಿದೆ. ಆದರೆ ಕುಸಿದ ದಂಡೆಯನ್ನು ಸುಳಿವಾಗಿ ಎತ್ತಿ ಹೇಳಿದ್ದರೆ ಅದರ ಅಂಕ ಕೊಡಿ.

ಹತ್ತನೆಯದಕ್ಕೆ: ಮಜ್ಜಿಗೆ ದಿನವೂ ಬರುತ್ತಿತ್ತು ಎಂಬುದಕ್ಕೆ 1, ಅಣ್ಣನ ಮನೆಯವರಿಗೆ ಈಗ ಬೇಸರವಾಗಿದೆ ಎಂಬುದಕ್ಕೆ 1, ‘ಇವತ್ತು ಬರಲೇ ಇಲ್ಲ’ ಎಂಬ ಮಾತನ್ನೋ ಹಿಂದಿನ ಸಭೆಯನ್ನೋ ಸುಳಿವಾಗಿ ಕೊಟ್ಟರೆ 1.

ಹನ್ನೊಂದನೆಯದಕ್ಕೆ: ನಿಲುವಿಗೆ 1, ಎರಡು ಆಧಾರಗಳಿಗೆ 2, ಆಧಾರ ನಿಲುವನ್ನು ಹೇಗೆ ಸಮರ್ಥಿಸುತ್ತದೆ ಎಂದು ಹೇಳಿದ್ದಕ್ಕೆ 1. ‘ಸರಿ’ ಎಂದವರಿಗೂ ‘ತಪ್ಪು’ ಎಂದವರಿಗೂ ಒಂದೇ ಅಳತೆ. ಈ ಮೂರೂ ಪ್ರಶ್ನೆಗಳ ಉತ್ತರಗಳಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಅದನ್ನು ಅಳೆಯುವ ಪರೀಕ್ಷೆ ಬೇರೆ.

## ಹಂತ 7: ಮೂರು ಪರಿಶೀಲನೆಗಳು

ಮುಚ್ಚಿ ಕೇಳಿ. ಗದ್ಯಭಾಗ ಓದದ ಆ ಸಹೋದ್ಯೋಗಿಗೆ ಪ್ರಶ್ನೆಗಳನ್ನು ಮಾತ್ರ ಕೊಡಿ. ಅವರು ಸರಿಯಾಗಿ ಉತ್ತರಿಸಿದ ಪ್ರಶ್ನೆ ಓದಿನ ಪ್ರಶ್ನೆಯೇ ಅಲ್ಲ. ‘ನೀರನ್ನು ಮಿತವಾಗಿ ಏಕೆ ಬಳಸಬೇಕು?’ ಎಂಬುದು ನೋಡಲು ಉನ್ನತ ಮಟ್ಟದ್ದು, ಆದರೆ ಗದ್ಯಭಾಗವಿಲ್ಲದೆಯೂ ಉತ್ತರ ಸಿದ್ಧ. ನಮ್ಮ ಐದನೆಯ ಪ್ರಶ್ನೆಯನ್ನು ದೊಡ್ಡವರು ಗದ್ಯಭಾಗವಿಲ್ಲದೆ ಉತ್ತರಿಸುತ್ತಾರೆ, ನುಡಿಗಟ್ಟು ಅವರಿಗೆ ಗೊತ್ತು. ಅದಕ್ಕೆ ಒಂದೇ ಅಂಕ ಇಟ್ಟಿದ್ದೇನೆ.

ಸೋರಿಕೆ ನೋಡಿ. ಒಂದು ಪ್ರಶ್ನೆ ಇನ್ನೊಂದರ ಉತ್ತರವನ್ನು ಹೇಳಿಬಿಡುತ್ತದೆಯೇ? ಹತ್ತನೆಯ ಪ್ರಶ್ನೆಯ ಮೊದಲ ಕರಡು ‘ಅಣ್ಣನ ಮನೆಯಿಂದ ಮಜ್ಜಿಗೆ ಬರದಿದ್ದುದು’ ಎಂದಿತ್ತು. ಅದು ಏಳನೆಯ ಪ್ರಶ್ನೆಯ ಉತ್ತರವನ್ನೇ ಕೊಡುತ್ತಿತ್ತು. ‘ಆ ದಿನ ಮಜ್ಜಿಗೆ’ ಎಂದು ತಿದ್ದಿದ್ದು ಆ ಕಾರಣಕ್ಕೆ. ಸೋರಿಕೆ ಪ್ರಶ್ನೆಯನ್ನು ಬರೆದವರ ಕಣ್ಣಿಗೆ ಬೀಳುವುದು ಕಷ್ಟ. ಕೊನೆಯ ಪ್ರಶ್ನೆಯಿಂದ ಮೊದಲನೆಯದರ ಕಡೆಗೆ ಹಿಂದುಹಿಂದಾಗಿ ಓದಿದರೆ ಕಾಣುತ್ತದೆ.

ಸಮಯ ಲೆಕ್ಕ ಹಾಕಿ. ಓದಲು 5 ನಿಮಿಷ, ಒಂದು ಅಂಕದ ಆರು ಪ್ರಶ್ನೆಗಳಿಗೆ 6, ಎರಡು ಅಂಕದ ಎರಡಕ್ಕೆ 6, ಮೂರು ಅಂಕದ ಎರಡಕ್ಕೆ 10, ಕೊನೆಯದಕ್ಕೆ 8. ಒಟ್ಟು 35 ನಿಮಿಷ, ಐದು ನಿಮಿಷ ಕೈಯಲ್ಲಿ. ಲೆಕ್ಕ 40 ದಾಟಿದರೆ ಹೆಕ್ಕುವ ಪ್ರಶ್ನೆಗಳನ್ನು ಕಡಿಮೆ ಮಾಡಿ. ಸಮಯ ಸಾಲದೆ ಬಿಟ್ಟುಹೋಗುವುದು ಯಾವಾಗಲೂ ಕೊನೆಯಲ್ಲಿರುವ ತೂಗುವ ಪ್ರಶ್ನೆ.

## ಹಂತ 8: ಪರೀಕ್ಷೆ ಆದ ಮೇಲೆ ಗಮನಿಸಬೇಕಾದ ಸೂಚನೆಗಳು

ಒಟ್ಟು ಅಂಕ ಹಾಕುವ ಮೊದಲು ಒಂದು ಹಾಳೆಯಲ್ಲಿ ಪ್ರತಿ ಪ್ರಶ್ನೆಗೆ ಎಷ್ಟು ಮಕ್ಕಳು ಸರಿಯಾಗಿ ಉತ್ತರಿಸಿದರು ಎಂದು ಗೀಟು ಹಾಕುತ್ತಾ ಬನ್ನಿ. ನಲವತ್ತು ಮಕ್ಕಳ ತರಗತಿಗೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ.

ಊಹಿಸುವ ಪ್ರಶ್ನೆಯೊಂದಕ್ಕೆ ಹತ್ತಾರು ಮಕ್ಕಳು ಗದ್ಯಭಾಗದ ಒಂದೇ ವಾಕ್ಯವನ್ನು ಬರೆದು ಪೂರ್ಣ ಅಂಕ ಪಡೆದಿದ್ದರೆ ಆ ಪ್ರಶ್ನೆ ವಾಸ್ತವದಲ್ಲಿ ಹೆಕ್ಕುವ ಪ್ರಶ್ನೆ. ಮುಂದಿನ ಸಲ ಅದನ್ನು ಆ ಸಾಲಿಗೆ ಇಳಿಸಿ. ತೂಗುವ ಪ್ರಶ್ನೆಯಲ್ಲಿ ಜೋಡಿಸುವ ಪ್ರಶ್ನೆಗಳಿಗಿಂತ ಹೆಚ್ಚು ಮಕ್ಕಳು ಅಂಕ ಗಳಿಸಿದ್ದರೆ ಉತ್ತರಗಳು ಗದ್ಯಭಾಗದ ಹೊರಗಿನಿಂದ ಬಂದಿವೆ, ಅಥವಾ ಅಂಕ ವಿವರ ಸಡಿಲವಾಗಿದೆ. ಎಂಟನೆಯ ಪ್ರಶ್ನೆಯಲ್ಲಿ ಚೆನ್ನಾಗಿ ಓದುವ ಮಕ್ಕಳೇ (ಇ) ಆರಿಸಿದ್ದರೆ ದೋಷ ಆಯ್ಕೆಯದು. ಅವರ ವಾದವನ್ನು ಕೇಳಿ, ಸರಿಯೆನಿಸಿದರೆ ಆ ಅಂಕವನ್ನು ಎಲ್ಲರಿಗೂ ಕೊಟ್ಟು ಆಯ್ಕೆಯನ್ನು ಬದಲಿಸಿ.

ಎಂಟಕ್ಕೆ ಸರಿಯಾಗಿ ಉತ್ತರಿಸಿ ಒಂಬತ್ತು, ಹತ್ತನ್ನು ಖಾಲಿ ಬಿಟ್ಟ ಮಕ್ಕಳ ಹೆಸರನ್ನು ಬೇರೆಯಾಗಿ ಬರೆದುಕೊಳ್ಳಿ. ಮರುದಿನ ಅವರನ್ನು ಒಬ್ಬೊಬ್ಬರನ್ನಾಗಿ ಕರೆದು, ಗದ್ಯಭಾಗವನ್ನು ಮುಂದಿಟ್ಟು, ಒಂಬತ್ತನೆಯ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳಿ. ‘ಯಾರೋ ರಾತ್ರಿ ಬಂದು ನೀರು ತಿರುಗಿಸಿದ್ದಾರೆ ಸರ್, ಹೆಜ್ಜೆ ಇದೆಯಲ್ಲ’ ಎಂದು ಹೇಳಿದ ಮಗುವಿಗೆ ಬೇಕಿರುವುದು ಬರೆಯುವ ಅಭ್ಯಾಸ. ಬಾಯಿಮಾತಿನಲ್ಲೂ ತಡವರಿಸಿದ ಮಗುವಿನ ಜೊತೆ ಗದ್ಯಭಾಗವನ್ನು ಮತ್ತೆ ಓದಿ, ‘ಈ ಹೆಜ್ಜೆಗುರುತು ಯಾರದಿರಬಹುದು?’ ಎಂಬಲ್ಲಿಂದ ಶುರು ಮಾಡಿ.